ಮೂಲೆಯ ರಾಜ, ಆತುರದ ರಾಣಿ

ಹಲಗೆಯ ಮೇಲೆ ಉಳಿದಿರುವುದು ಮೂರೇ ಕಾಯಿ. ಕಪ್ಪು ರಾಜ ಮೂಲೆ ಸೇರಿದ್ದಾನೆ, ಒಬ್ಬಂಟಿ. ಬಿಳಿಯ ಕಡೆ ರಾಜನೂ ಇದ್ದಾನೆ, ರಾಣಿಯೂ ಇದ್ದಾಳೆ. ಬಿಳಿ ಕಾಯಿ ಆಡುವ ಹುಡುಗ ರಾಣಿಯನ್ನು ಎತ್ತಿ ಇನ್ನೊಂದು ಮನೆ ಮುಂದಕ್ಕಿಟ್ಟು ಗಡಿಯಾರದ ಗುಂಡಿ ಒತ್ತುತ್ತಾನೆ. ಎದುರಿಗೆ ಕೂತವನು ಹಲಗೆಯನ್ನೊಮ್ಮೆ ನೋಡಿ, ಗಡಿಯಾರ ನಿಲ್ಲಿಸಿ, ನಗುತ್ತಾ ಕೈ ಚಾಚುತ್ತಾನೆ. ಆಟ ಡ್ರಾ. ಮಕ್ಕಳ ಟೂರ್ನಿಗಳಿಗೆ ಹೋಗಿ ಬರುವ ಯಾವ ಅಪ್ಪ ಅಮ್ಮನನ್ನು ಕೇಳಿದರೂ ಈ ದೃಶ್ಯ ಗೊತ್ತು. ಒಂದು ಪಾಯಿಂಟ್ ಬರಬೇಕಿದ್ದಲ್ಲಿ ಅರ್ಧ ಬಂದಿರುತ್ತದೆ, ಮಗು ಅಳುತ್ತಾ ಹೊರಗೆ ಬರುತ್ತದೆ.

ನಡೆದದ್ದು ಸ್ಟೇಲ್‌ಮೇಟ್. ಆಡುವ ಸರದಿ ಯಾರದೋ ಅವರ ರಾಜನಿಗೆ ಚೆಕ್ ಇಲ್ಲ, ಆದರೆ ನಿಯಮ ಒಪ್ಪುವ ನಡೆ ಒಂದೂ ಅವರ ಬಳಿ ಇಲ್ಲ. ಆಗ ಆಟ ಅಲ್ಲಿಗೇ ಮುಗಿಯುತ್ತದೆ, ಇಬ್ಬರಿಗೂ ಅರ್ಧರ್ಧ ಪಾಯಿಂಟ್. ಚೆಕ್ ಇದ್ದು ನಡೆ ಇಲ್ಲದಿದ್ದರೆ ಅದು ಚೆಕ್‌ಮೇಟ್. ವ್ಯತ್ಯಾಸ ಇರುವುದು ರಾಜ ನಿಂತ ಆ ಒಂದು ಮನೆಯ ಮೇಲೆ ಏಟು ಬೀಳುತ್ತಿದೆಯೋ ಇಲ್ಲವೋ ಎಂಬುದರಲ್ಲಿ ಮಾತ್ರ. ಇದು ಅನ್ಯಾಯ ಅನ್ನಿಸಿದರೆ ಅದೇನೂ ಹೊಸ ದೂರಲ್ಲ. ಹಳೆಯ ಶತ್ರಂಜ್ ಆಟದಲ್ಲಿ ಎದುರಾಳಿಯನ್ನು ಹೀಗೆ ಕಟ್ಟಿಹಾಕಿದವನೇ ಗೆದ್ದಂತೆ. ಇಂಗ್ಲೆಂಡಿನಲ್ಲಿ ಇದಕ್ಕೆ ತದ್ವಿರುದ್ಧ: 17ನೇ ಶತಮಾನದಿಂದ 19ನೇ ಶತಮಾನದ ಆರಂಭದವರೆಗೂ ಅಲ್ಲಿ ಸ್ಟೇಲ್‌ಮೇಟ್ ಮಾಡಿದವನೇ ಸೋತಂತೆ ಲೆಕ್ಕ. ಜೆ.ಎಚ್. ಸ್ಯಾರಟ್ ಎಂಬ ಲಂಡನ್ನಿನ ಆಟಗಾರನ ಪ್ರಭಾವದಿಂದ ಅಲ್ಲೂ ಅದು ಡ್ರಾ ಆಯಿತು. ಈಗ ಎಲ್ಲೆಡೆ ಅದೇ ನಿಯಮ. ಸರಿಯೋ ತಪ್ಪೋ, ಅರ್ಧ ಪಾಯಿಂಟ್ ಹೋಗುವುದಂತೂ ಖಂಡಿತ.

ಒಂಟಿ ರಾಜನ ಎದುರು ರಾಣಿ ಇಟ್ಟುಕೊಂಡು ಗೆಲ್ಲುವುದು ಕಷ್ಟದ ಕೆಲಸವೇನಲ್ಲ. ರಾಣಿ ಕೈತಪ್ಪಿ ಹೋಗದ ಯಾವ ಸ್ಥಿತಿಯಿಂದ ಶುರು ಮಾಡಿದರೂ, ನಡೆ ಬಿಳಿಯದಾಗಿದ್ದರೆ, ಸರಿಯಾಗಿ ಆಡಿದವನಿಗೆ ಹತ್ತು ನಡೆಯೊಳಗೆ ಮೇಟ್ ಸಿಗುತ್ತದೆ. ಹಾಗಿದ್ದೂ ಇಷ್ಟು ಆಟಗಳು ಇಲ್ಲೇ ಏಕೆ ಎಡವುತ್ತವೆ? ನನಗನಿಸುವಂತೆ, ಕಲಿಸುವವರು ಹೇಳಿಕೊಡುವ ಅತಿ ಸುಲಭದ ಉಪಾಯವೇ ಕೊನೆಯ ಒಂದು ನಡೆಯಲ್ಲಿ ಕೈ ಕೊಡುತ್ತದೆ. ಉಪಾಯ ತಪ್ಪಲ್ಲ. ಅದನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಯಾರೂ ಒತ್ತಿ ಹೇಳುವುದಿಲ್ಲ.

ಉಪಾಯ ಇಷ್ಟು. ರಾಣಿಯನ್ನು ಎದುರಾಳಿ ರಾಜನಿಂದ ಕುದುರೆ ಜಿಗಿತದಷ್ಟು ದೂರದಲ್ಲಿ ಇಡಿ. ಅಂದರೆ ರಾಜ ನಿಂತ ಮನೆಯಲ್ಲಿ ಒಂದು ಕುದುರೆ ಇದ್ದಿದ್ದರೆ ಅದು ಒಂದೇ ನೆಗೆತಕ್ಕೆ ತಲುಪಬಹುದಾದ ಮನೆ. ಅಲ್ಲಿಂದ ಮುಂದೆ ರಾಜ ಯಾವ ದಿಕ್ಕಿಗೆ ಒಂದು ಹೆಜ್ಜೆ ಇಟ್ಟರೂ ರಾಣಿಯೂ ಅದೇ ದಿಕ್ಕಿಗೆ ಒಂದು ಹೆಜ್ಜೆ ಇಡಲಿ, ನೆರಳಿನ ಹಾಗೆ. ಲೆಕ್ಕ ಹಾಕುವ ತಲೆನೋವಿಲ್ಲ. ಆ ದೂರದಲ್ಲಿರುವ ರಾಣಿ ರಾಜನ ಪಕ್ಕದ ಮನೆಯಲ್ಲಿ ಇರುವುದಿಲ್ಲವಾದ್ದರಿಂದ ಅವನು ಅವಳನ್ನು ಹೊಡೆಯಲಾರ. ರಾಣಿಯ ದಾರಿ ನೇರ ಇಲ್ಲವೇ ಓರೆ, ಕುದುರೆಯ ದಾರಿ ಎರಡೂ ಅಲ್ಲ. ಹಾಗಾಗಿ ಅಲ್ಲಿಂದ ರಾಣಿ ಚೆಕ್ ಕೂಡ ಕೊಡುವುದಿಲ್ಲ. ಈ ಎರಡನೆಯ ಮಾತನ್ನು ನೆನಪಿನಲ್ಲಿಡಿ, ಅಪಾಯ ಇರುವುದು ಅದರಲ್ಲೇ.

ಇನ್ನು ಮನೆಗಳ ಎಣಿಕೆ. ಹಲಗೆಯ ನಡುವೆ ನಿಂತ ರಾಜನ ಸುತ್ತ ಎಂಟು ಮನೆಗಳಿವೆ. ಕುದುರೆ ದೂರದಲ್ಲಿ ಬಂದು ನಿಂತ ರಾಣಿ ಅವುಗಳಲ್ಲಿ ಐದನ್ನು ಕಾಯುತ್ತಾಳೆ, ಮೂರು ಉಳಿಯುತ್ತವೆ. ರಾಜ ಅಂಚಿಗೆ ಬಂದರೆ ಅವನ ಸುತ್ತ ಇರುವುದೇ ಐದು ಮನೆ. ಅದೇ ದೂರದ ರಾಣಿ ನಾಲ್ಕನ್ನು ಕಾಯುತ್ತಾಳೆ, ಒಂದು ಉಳಿಯುತ್ತದೆ. ಮೂಲೆಯಲ್ಲಿ ಅವನಿಗಿರುವುದು ಮೂರೇ ಮನೆ, ರಾಣಿ ಮೂರನ್ನೂ ಕಾಯುತ್ತಾಳೆ. ಮೂರು, ಒಂದು, ಸೊನ್ನೆ. ನಡುವಿನಲ್ಲೂ ಅಂಚಿನಲ್ಲೂ ಕಣ್ಣು ಮುಚ್ಚಿ ನಂಬಬಹುದಾದ ದೂರ ಮೂಲೆಯಲ್ಲಿ ಮಾತ್ರ ಸ್ಟೇಲ್‌ಮೇಟ್ ಆಗುತ್ತದೆ. ಬಿಳಿಯ ರಾಜ ಎಲ್ಲಿದ್ದರೂ, ಹಲಗೆಯ ಇನ್ನೊಂದು ತುದಿಯಲ್ಲಿದ್ದರೂ, ಈ ಲೆಕ್ಕ ಬದಲಾಗುವುದಿಲ್ಲ.

ಹಲಗೆ ಹತ್ತಿರದಲ್ಲಿದ್ದರೆ ಮೂರು ಕಾಯಿ ಇಟ್ಟುಕೊಳ್ಳಿ. ಬಿಳಿಯವನ ಎಡಗೈ ಕಡೆಯಿಂದ ನೀಟಸಾಲುಗಳಿಗೆ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು. ಬಿಳಿಯ ಕಡೆಯಿಂದ ಅಡ್ಡಸಾಲುಗಳಿಗೆ 1ರಿಂದ 8. ಬಿಳಿಯ ರಾಜ ಇ1ರಲ್ಲಿ, ರಾಣಿ ಡಿ1ರಲ್ಲಿ, ಇಬ್ಬರೂ ಆಟ ಶುರುವಾಗುವಾಗಿನ ಜಾಗದಲ್ಲೇ ಇರಲಿ. ಕಪ್ಪು ರಾಜ ಹಲಗೆಯ ನಡುವೆ ಇ5ರಲ್ಲಿ ಇರಲಿ. ಮೊದಲ ನಡೆ ಬಿಳಿಯದು.

ರಾಣಿ ಡಿ3ಕ್ಕೆ ಬರುತ್ತಾಳೆ. ಇ5ರಿಂದ ಅದು ಕುದುರೆ ದೂರ. ರಾಜನಿಗೆ ಉಳಿದಿರುವುದು ಇ6, ಎಫ್6, ಎಫ್4, ಮೇಲಿನ ಲೆಕ್ಕದ ಹಾಗೆ ಮೂರೇ. ಅವನು ಇ6ಕ್ಕೆ ಏರಿದ ಎನ್ನೋಣ. ರಾಣಿಯೂ ಒಂದು ಮನೆ ಏರಿ ಡಿ4ಕ್ಕೆ. ಅವನು ಇ7ಕ್ಕೆ, ಅವಳು ಡಿ5ಕ್ಕೆ. ಈಗ ರಾಜ ಎಫ್6ಕ್ಕೆ ಓರೆಯಾಗಿ ಇಳಿಯುತ್ತಾನೆ. ರಾಣಿಯೂ ಹಾಗೇ ಓರೆಯಾಗಿ ಇಳಿದು ಇ4ಕ್ಕೆ. ಅವನು ಎಫ್7, ಅವಳು ಇ5. ಅವನು ಜಿ6, ಅವಳು ಎಫ್4. ಅವನು ಜಿ7, ಅವಳು ಎಫ್5. ಎಲ್ಲಿಯೂ ಚೆಕ್ ಇಲ್ಲ, ಅವಸರವಿಲ್ಲ. ಹೀಗಿದ್ದೂ ರಾಜನ ಬಯಲು ತಾನಾಗಿ ಕಿರಿದಾಗುತ್ತಿದೆ. ರಾಣಿ ನಿಂತ ನೀಟಸಾಲನ್ನು ಅವನು ದಾಟಲಾರ, ರಾಣಿ ಮಾತ್ರ ಒಂದೊಂದೇ ಸಾಲು ಅವನ ಕಡೆಗೆ ಸರಿಯುತ್ತಿದ್ದಾಳೆ.

ಜಿ7ರಿಂದ ರಾಜ ಎಚ್6ಕ್ಕೆ ಹೋಗುತ್ತಾನೆ, ಅಂಚು ಬಂತು. ರಾಣಿ ಜಿ4ಕ್ಕೆ. ಇಲ್ಲಿಂದ ಅವನಿಗೆ ಒಂದೇ ಮನೆ, ಎಚ್7. ಹೋದ. ರಾಣಿ ಜಿ5ಕ್ಕೆ. ಮತ್ತೆ ಒಂದೇ ಮನೆ, ಎಚ್8. ಹೋದ. ಬಿಳಿ ಇಲ್ಲಿಯವರೆಗೆ ಆಡಿದ್ದು ಒಂಬತ್ತು ನಡೆ, ಒಂಬತ್ತೂ ಚೊಕ್ಕ. ಎಂಟು ಸಲ ರಾಜನನ್ನು ಅನುಕರಿಸಿದ ಕೈ ಒಂಬತ್ತನೆಯ ಸಲವೂ ತಾನಾಗಿ ಚಾಚುತ್ತದೆ: ರಾಜ ಒಂದು ಮನೆ ಏರಿದ, ರಾಣಿಯೂ ಒಂದು ಮನೆ ಏರಿ ಜಿ6ಕ್ಕೆ. ಎಚ್8ರ ಸುತ್ತ ಇರುವ ಮೂರು ಮನೆಗಳನ್ನು ನೋಡಿ. ಜಿ7 ಮತ್ತು ಜಿ8 ರಾಣಿಯ ನೀಟಸಾಲಿನಲ್ಲಿವೆ. ಎಚ್7 ಅವಳ ಓರೆಸಾಲಿನಲ್ಲಿದೆ. ಎಚ್8ರ ಮೇಲೆ ಮಾತ್ರ ಅವಳ ಕಣ್ಣಿಲ್ಲ. ಡ್ರಾ.

ಹಾಗಾದರೆ ಜಿ5ರಲ್ಲಿ ನಿಂತ ರಾಣಿ ಏನು ಮಾಡಬೇಕು? ಏನೂ ಮಾಡಬಾರದು. ಅವಳ ಕೆಲಸ ಮುಗಿದಿದೆ. ಅಲ್ಲಿಂದಲೇ ಅವಳು ಇಡೀ ಜಿ ಸಾಲನ್ನು ಕಾಯುತ್ತಾಳೆ, ಎಚ್6ಕ್ಕೂ ಕಾವಲಿದ್ದಾಳೆ. ಕಪ್ಪು ರಾಜನಿಗೆ ಎಚ್8 ಮತ್ತು ಎಚ್7, ಈ ಎರಡೇ ಮನೆಗಳ ನಡುವೆ ಹೋಗಿ ಬರುವುದೊಂದೇ ಕೆಲಸ. ಆ ಓಡಾಟ ಅವನಿಗೆ ಇರಬೇಕು. ಅವನಿಗೆ ಒಂದು ನಡೆ ಉಳಿದಿದೆ ಎನ್ನುವುದೇ ನಿಮ್ಮ ಗೆಲುವಿನ ಆಧಾರ. ಅದನ್ನು ಅವನಿಂದ ಕಸಿಯಬೇಕಾದ್ದು ಮೇಟ್ ಕೊಡುವ ಹೊತ್ತಿಗೆ, ಅದಕ್ಕಿಂತ ಒಂದು ನಡೆ ಮೊದಲೂ ಅಲ್ಲ.

ಇನ್ನು ಬರಬೇಕಾದವನು ಬಿಳಿಯ ರಾಜ. ಇಷ್ಟು ಹೊತ್ತು ಇ1ರಲ್ಲಿ ಸುಮ್ಮನೆ ನಿಂತಿದ್ದವನು ಈಗ ನಡೆಯಲು ಶುರು ಮಾಡುತ್ತಾನೆ. ರಾಣಿ ಒಬ್ಬಳೇ ಮೇಟ್ ಕೊಡಲಾರಳು ಎಂಬುದನ್ನು ಹೊಸಬರು ಮರೆಯುತ್ತಾರೆ. ಅವಳು ಒಂಟಿಯಾಗಿ ಜಿ7ಕ್ಕೆ ಹೋಗಿ ಕೂತರೆ ರಾಜ ಅವಳನ್ನು ಹೊಡೆದು ಹಾಕುತ್ತಾನೆ, ಅದೂ ಡ್ರಾ. ಹಾಗಾಗಿ ಬಿಳಿಯ ರಾಜ ಇ2ಕ್ಕೆ, ಕಪ್ಪು ಎಚ್7ಕ್ಕೆ. ಇ3, ಎಚ್8. ಇ4, ಎಚ್7. ಇ5, ಎಚ್8. ಕೊನೆಗೆ ಎಫ್6. ಕಪ್ಪು ರಾಜ ಮತ್ತೆ ಎಚ್7ಕ್ಕೆ ಬರಲೇಬೇಕು. ಆಗ ರಾಣಿ ಜಿ7ಕ್ಕೆ: ಹಿಂದೆ ರಾಜನ ಬೆಂಬಲ ಇದೆ, ಹೊಡೆಯುವಂತಿಲ್ಲ, ಓಡಲು ಮನೆಯಿಲ್ಲ, ಮೇಟ್. ಒಟ್ಟು ಹದಿನೈದು ನಡೆ. ಚುರುಕಾಗಿ ಆಡಿದ್ದರೆ ಐದಾರು ನಡೆ ಉಳಿಸಬಹುದಿತ್ತು, ನಿಜ. ಕಾಯಿ ಹೊಡೆಯದೆ, ಕಾಲಾಳು ನಡೆಸದೆ ಐವತ್ತು ನಡೆ ಕಳೆದರೆ ಎದುರಾಳಿ ಡ್ರಾ ಕೇಳಬಹುದೆಂಬ ನಿಯಮವಿದೆಯಲ್ಲ, ಅದರ ಎದುರು ಹದಿನೈದು ಯಾವ ಲೆಕ್ಕ?

ಕಾಯುವ ಹೊತ್ತಿನಲ್ಲಿ ಇನ್ನೊಂದು ಆಸೆ ಕಾಡುತ್ತದೆ, ಚೆಕ್ ಕೊಡುವ ಆಸೆ. ರಾಣಿ ಜಿ5ರಲ್ಲಿ, ಕಪ್ಪು ರಾಜ ಎಚ್7ರಲ್ಲಿ ಇರುವಾಗ ಎಚ್5ಕ್ಕೆ ಹೋಗಿ ಚೆಕ್ ಕೊಟ್ಟು ನೋಡಿ. ಜಿ ಸಾಲಿನ ಕಾವಲು ತೆರವಾಯಿತು, ರಾಜ ಜಿ7ಕ್ಕೋ ಜಿ8ಕ್ಕೋ ಆರಾಮಾಗಿ ಹೊರಗೆ ಬಂದ. ಸ್ಟೇಲ್‌ಮೇಟ್‌ಗೆ ಹೆದರಿ ಹೆದರಿ ಬರೀ ಚೆಕ್ ಕೊಡುತ್ತಾ ಹೋಗುವವರ ಗತಿ ಇದು. ಚೆಕ್ ಕೊಟ್ಟ ನಡೆಯಲ್ಲಿ ಸ್ಟೇಲ್‌ಮೇಟ್ ಆಗುವುದಿಲ್ಲ ಎಂಬುದು ನಿಜವೇ, ಆದರೆ ಆಟವೂ ಮುಂದೆ ಹೋಗುವುದಿಲ್ಲ.

ಬಿಳಿಯ ರಾಜ ಎಫ್6ಕ್ಕೆ ಬಂದದ್ದು ಸುಮ್ಮನೆ ಅಲ್ಲ. ಅವನು ಎಚ್ ಸಾಲಿನಲ್ಲೇ ನೆಟ್ಟಗೆ ಏರಿ ಬಂದ ಎಂದುಕೊಳ್ಳಿ. ಎಚ್5ರಲ್ಲಿದ್ದಾನೆ, ಕಪ್ಪು ರಾಜ ಎಚ್8ರಲ್ಲಿದ್ದಾನೆ, ರಾಣಿ ಜಿ5ರಲ್ಲೇ ಇದ್ದಾಳೆ. ಬಿಳಿಯ ರಾಜ ಎಚ್6ಕ್ಕೆ ಕಾಲಿಟ್ಟರೆ? ಎಚ್7 ಅವನ ಕಾವಲಿಗೆ ಬಂತು. ಜಿ7, ಜಿ8 ರಾಣಿಯವು. ರಾಣಿ ಅಲುಗಾಡದೆಯೇ ಸ್ಟೇಲ್‌ಮೇಟ್. ನಾನು ನೋಡಿದ ಮಟ್ಟಿಗೆ ಇದು ಸ್ವಲ್ಪ ಕಲಿತವರು ಮಾಡುವ ತಪ್ಪು. ರಾಣಿಯ ನಡೆಗೆ ಹುಷಾರಾಗಿರಬೇಕು ಎಂದು ಅವರಿಗೆ ಗೊತ್ತು. ತಮ್ಮ ರಾಜನೂ ಮನೆ ಮುಚ್ಚುತ್ತಾನೆ ಎಂಬುದು ಹೊಳೆದಿರುವುದಿಲ್ಲ.

ಬಿಳಿಯ ರಾಜ ಹತ್ತಿರ ಬಂದಷ್ಟೂ ಈ ಎಣಿಕೆ ಬಿಗಿಯಾಗುತ್ತದೆ. ಆಗ ಅಂಚಿನ ನಡುಭಾಗವೂ ಸುರಕ್ಷಿತವಲ್ಲ. ಕಪ್ಪು ರಾಜ ಇ8ರಲ್ಲಿ, ಬಿಳಿಯ ರಾಜ ಅವನೆದುರು ಒಂದು ಮನೆ ಬಿಟ್ಟು ಇ6ರಲ್ಲಿ ಎನ್ನಿ. ಇಂಥ ಕಡೆ ರಾಣಿಯನ್ನು ಡಿ6ಕ್ಕೆ, ಅಂದರೆ ಕುದುರೆ ದೂರಕ್ಕೆ ತಂದರೆ ಅವಳು ಡಿ7, ಡಿ8, ಇ7, ಎಫ್8 ನಾಲ್ಕನ್ನೂ ಕಾಯುತ್ತಾಳೆ. ಅಂಚಿನಲ್ಲಿ ಉಳಿಯಬೇಕಾದ ಆ ಒಂದು ಮನೆ ಇಲ್ಲಿ ಎಫ್7. ಅದನ್ನು ಬಿಳಿಯ ರಾಜ ತಿಂದುಕೊಂಡಿದ್ದಾನೆ. ಮೂಲೆಯಲ್ಲಂತೂ ಇನ್ನೂ ಸುಲಭ. ಕಪ್ಪು ರಾಜ ಎಚ್8ರಲ್ಲಿದ್ದು ಬಿಳಿಯ ರಾಜ ಎಫ್7ರಲ್ಲಿದ್ದರೆ ಜಿ7, ಜಿ8 ಎರಡೂ ಮುಚ್ಚಿದವು; ಇನ್ನು ರಾಣಿ ಎಲ್ಲೋ ದೂರದ ಡಿ3ರಲ್ಲಿ ನಿಂತು ಓರೆಯಾಗಿ ಎಚ್7ನ್ನು ನೋಡಿದರೂ ಸಾಕು, ಆಟ ಹೋಯಿತು. ಕುದುರೆ ದೂರವನ್ನು ಮಾತ್ರ ನೆನಪಿಟ್ಟುಕೊಂಡವರಿಗೆ ಈ ದೂರದ ರಾಣಿಯ ಮೇಲೆ ಅನುಮಾನವೇ ಬರುವುದಿಲ್ಲ.

ರಾಜ ಎರಡು ಮನೆ ಮುಚ್ಚಿ, ದೂರದ ರಾಣಿ ಮೂರನೆಯದನ್ನು ಮುಚ್ಚುವ ಇದೇ ಜೋಡಣೆ ಚೆಸ್ ಲೋಕದ ಬಹಳ ಹೆಸರಾದ ಒಂದು ಸಮಸ್ಯೆಯ ಹೊಟ್ಟೆಯಲ್ಲಿದೆ. 1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಬಾರ್ಬಿಯೆ ಎಂಬುವರು ಪತ್ರಿಕೆಯ ಚೆಸ್ ಅಂಕಣದಲ್ಲಿ ಒಂದು ಸ್ಥಿತಿ ಕೊಟ್ಟು, ಇದರಲ್ಲಿ ಕಪ್ಪು ಡ್ರಾ ಮಾಡಿಕೊಳ್ಳುತ್ತದೆ ಎಂದು ಬರೆದರು. ಬಿಳಿಗೆ ರಾಜ ಮತ್ತು ಸಿ ಸಾಲಿನಲ್ಲಿ ಮುನ್ನುಗ್ಗುತ್ತಿರುವ ಒಂದು ಕಾಲಾಳು. ಕಪ್ಪಿಗೆ ಎ1ರ ಮೂಲೆಯಲ್ಲಿ ರಾಜ, ಜೊತೆಗೊಂದು ಆನೆ. ಆನೆ ಚೆಕ್ ಮೇಲೆ ಚೆಕ್ ಕೊಟ್ಟು ಬಿಳಿಯ ರಾಜನನ್ನು ಸಿ2ಕ್ಕೆ ತಂದು, ತಾನು ಡಿ4ಕ್ಕೆ ಹೋಗಿ ನಿಲ್ಲುತ್ತದೆ. ಕಾಲಾಳು ಸಿ8 ಮುಟ್ಟಿ ರಾಣಿಯಾದ ಕೂಡಲೇ ಆನೆ ಸಿ4ಕ್ಕೆ ಬಂದು ಚೆಕ್ ಕೊಡುತ್ತದೆ. ರಾಣಿ ಅದನ್ನು ಹೊಡೆಯದೆ ವಿಧಿಯಿಲ್ಲ, ಬಿಟ್ಟರೆ ಅವಳೇ ಹೋಗುತ್ತಾಳೆ. ಹೊಡೆದು ಸಿ4ರಲ್ಲಿ ನಿಂತಾಗ ಎ1ರ ರಾಜನ ಮನೆಗಳನ್ನು ಎಣಿಸಿ: ಬಿ1, ಬಿ2 ಎರಡೂ ಸಿ2ರ ರಾಜನ ಕಾವಲಿನಲ್ಲಿ, ಎ2 ರಾಣಿಯ ಓರೆಸಾಲಿನಲ್ಲಿ. ಸ್ಟೇಲ್‌ಮೇಟ್.

ಆ ಊರಿನಲ್ಲಿದ್ದ ಫರ್ನಾಂಡೊ ಸಾವೇದ್ರಾ ಎಂಬ ಸ್ಪೇನಿನ ಪಾದ್ರಿ ಇದಕ್ಕೆ ಮದ್ದು ಕಂಡುಹಿಡಿದರು. ಸಿ8ರಲ್ಲಿ ರಾಣಿಯನ್ನು ಕೇಳಬೇಡಿ, ಆನೆಯನ್ನು ಕೇಳಿ. ಆನೆಗೆ ಓರೆಯಾಗಿ ನೋಡಲು ಬರುವುದಿಲ್ಲ. ಈಗ ಕಪ್ಪು ಆನೆ ಸಿ4ಕ್ಕೆ ಬಂದು ಚೆಕ್ ಕೊಟ್ಟು ಹೊಡೆಸಿಕೊಂಡರೂ ಎ2 ಖಾಲಿ ಇರುತ್ತದೆ, ಕಪ್ಪು ರಾಜನಿಗೆ ನಡೆ ಇರುತ್ತದೆ, ಆಟ ಉಳಿಯುತ್ತದೆ. ಮೇಲಾಗಿ ಬಿಳಿಯ ಹೊಸ ಆನೆ ಎ8ಕ್ಕೆ ಹೋಗಿ ಮೇಟ್ ಕೊಡುವ ಬೆದರಿಕೆ ಒಡ್ಡಿರುತ್ತದೆ. ಅದನ್ನು ತಡೆಯಲು ಕಪ್ಪು ಆನೆ ಎ4ಕ್ಕೆ ಹೋಗಲೇಬೇಕು. ಆಗ ಬಿಳಿಯ ರಾಜ ಬಿ3ಕ್ಕೆ ಬರುತ್ತಾನೆ: ಒಂದು ಕಡೆ ಆನೆಯ ಮೇಲೆ ಏಟು, ಇನ್ನೊಂದು ಕಡೆ ಸಿ1ರಲ್ಲಿ ಮೇಟ್. ಎರಡನ್ನೂ ತಪ್ಪಿಸಿಕೊಳ್ಳುವ ದಾರಿ ಕಪ್ಪಿಗಿಲ್ಲ. ಸಾವೇದ್ರಾ ಚೆಸ್ ಚರಿತ್ರೆಯಲ್ಲಿ ಉಳಿದಿರುವುದು ಈ ಒಂದು ನಡೆಯಿಂದಲೇ.

ನಮ್ಮ ನಿಮ್ಮ ಆಟದಲ್ಲಿ ಅಷ್ಟು ಸೊಗಸಾದದ್ದು ನಡೆಯುವುದು ಅಪರೂಪ. ಆದರೆ ಕಾಲಾಳು ಕೊನೆಯ ಸಾಲು ಮುಟ್ಟಿದ ಕೂಡಲೇ ರಾಣಿಗೆ ಕೈ ಹಾಕುವ ಮುನ್ನ, ಎದುರಿನ ರಾಜ ಮೂಲೆಯಲ್ಲಿದ್ದರೆ, ಅವನ ಮೂರು ಮನೆಗಳ ಮೇಲೆ ಕಣ್ಣಾಡಿಸಿ. ನಡೆ ಮಾಡುವ ಮುನ್ನ ಕೇಳಿಕೊಳ್ಳಬೇಕಾದ್ದೂ ಒಂದೇ ಪ್ರಶ್ನೆ: ನಾನು ಇಲ್ಲಿಟ್ಟ ಮೇಲೆ ಅವನು ಎಲ್ಲಿಗೆ ಹೋಗುತ್ತಾನೆ? ಮನೆಯ ಹೆಸರು ಹೇಳಲು ಬಂದರೆ ಇಡಿ. ಹೇಳಲು ಬರದಿದ್ದರೆ, ಚೆಕ್ ಇದೆಯೇ ನೋಡಿ. ಇದ್ದರೆ ಮೇಟ್, ಇಲ್ಲದಿದ್ದರೆ ಕೈ ಹಿಂದಕ್ಕೆ ತೆಗೆಯಿರಿ. ಟೂರ್ನಿಯಲ್ಲಿ ಆಡಬೇಕೆಂದು ಮುಟ್ಟಿದ ಕಾಯಿಯನ್ನು ಆಡಲೇಬೇಕಾದ್ದರಿಂದ ಈ ಪ್ರಶ್ನೆ ಕಣ್ಣಿನಲ್ಲಿ ಮುಗಿಯಬೇಕು, ಬೆರಳು ತಗುಲಿದ ಮೇಲಲ್ಲ.

ಗಡಿಯಾರ ಓಡುತ್ತಿರುವಾಗ ಇದೆಲ್ಲ ಬೇರೆಯೇ ಆಗುತ್ತದೆ ಎನ್ನುವವರ ಮಾತಿನಲ್ಲೂ ಹುರುಳಿದೆ. ಬ್ಲಿಟ್ಜ್ ಆಟದಲ್ಲಿ ಕೆಲವೇ ಸೆಕೆಂಡು ಉಳಿದಿರುತ್ತದೆ. ಸಮಯ ಮುಗಿದರೂ ನೀವು ಸೋಲುವುದಿಲ್ಲ, ಏಕೆಂದರೆ ಒಂಟಿ ರಾಜನಿಂದ ಯಾರಿಗೂ ಮೇಟ್ ಕೊಡಲಾಗದು. ಅಲ್ಲಿಯೂ ಸಿಗುವುದು ಅದೇ ಅರ್ಧ ಪಾಯಿಂಟ್. ನೆರಳಿನ ಉಪಾಯದ ಬೆಲೆ ತಿಳಿಯುವುದು ಇಲ್ಲಿಯೇ, ಯೋಚನೆಯಿಲ್ಲದೆ ಸೆಕೆಂಡಿಗೊಂದು ನಡೆ ಆಡಿಬಿಡಬಹುದು. ಒಂಟಿ ರಾಜನನ್ನು ಹಿಡಿದ ಜಾಣ ಎದುರಾಳಿಗೂ ಇದು ಗೊತ್ತು. ಪುಸ್ತಕದ ಪ್ರಕಾರ ಅವನು ಹಲಗೆಯ ನಡುವೆ ಆದಷ್ಟು ಹೊತ್ತು ಉಳಿಯಬೇಕು, ಅಂಚಿನಿಂದ ದೂರ ಇರಬೇಕು. ಆದರೆ ಅಷ್ಟು ಮಾಡಿದರೆ ಅವನಿಗೆ ಸಿಗುವುದು ಇನ್ನು ಕೆಲವು ನಡೆಗಳ ಆಯುಸ್ಸು ಮಾತ್ರ. ನಾನಾಗಿದ್ದರೆ, ಎದುರಿನ ಕೈ ನನ್ನನ್ನು ಯಾಂತ್ರಿಕವಾಗಿ ಅನುಕರಿಸುತ್ತಿದೆ ಎಂದು ಕಂಡ ಕ್ಷಣವೇ ನೇರ ಮೂಲೆಗೆ ಓಡುತ್ತೇನೆ. ಮೇಲಿನ ಆಟದಲ್ಲೇ ನೋಡಿ, ಕಪ್ಪು ರಾಜ ಪ್ರತಿ ಸಲವೂ ಮೂಲೆಯ ಕಡೆಗೇ ವಾಲಿದ. ಎಫ್7ರಲ್ಲಿದ್ದಾಗ ಅವನಿಗೆ ಎಫ್8, ಜಿ8 ಕೂಡ ಖಾಲಿ ಇದ್ದವು. ಜಿ6 ಆರಿಸಿಕೊಂಡದ್ದು ಬಿಳಿಯ ಕೈಗೆ ಇನ್ನೂ ಒಂದೆರಡು ಸಲ ಅನುಕರಣೆಯ ರುಚಿ ಹತ್ತಲಿ ಎಂದು.

ಮಗುವಿಗೆ ಕಲಿಸುವುದಾದರೆ ಇ1, ಡಿ1, ಇ5ರ ಈ ಸ್ಥಿತಿಯನ್ನೇ ಇಟ್ಟು, ಗಡಿಯಾರಕ್ಕೆ ಒಂದು ನಿಮಿಷ ಕೊಟ್ಟು, ಮೊದಲು ಕಪ್ಪು ರಾಜನನ್ನು ಮಗುವಿನ ಕೈಗೇ ಕೊಡಿ. ಡ್ರಾ ಹುಡುಕಿಕೊಂಡು ಮೂಲೆಗೆ ಓಡುವ ಕಡೆ ಕೂತಾಗ ಆ ಮೂರು ಮನೆಗಳನ್ನು ಎಣಿಸುವುದು ಯಾರೂ ಹೇಳಿಕೊಡದೆ ಬರುತ್ತದೆ. ಆಮೇಲೆ ಬದಿ ಬದಲಿಸಿ ರಾಣಿಯನ್ನು ಕೊಡಿ.